ಬಾಟಲಿಯಲ್ಲಿ ಹಿಡಿದ ಮಳೆ, ಮುನ್ನೂರು ಪದಗಳ ಪತ್ರ

ಹೋದ ವರ್ಷ ಮಾರ್ಚ್ ಕೊನೆಯ ವಾರ ಶಿರಾ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಒಂಬತ್ತನೇ ತರಗತಿ ಪರೀಕ್ಷೆ ಮುಗಿಸಿಕೊಂಡಿದ್ದ ಅಣ್ಣನ ಮಗಳು ಅಪ್ಪನ ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದಳು. ಅವರ ವಿಜ್ಞಾನದ ಮೇಷ್ಟ್ರು ಒಂದು ಪ್ರಕಟಣೆ ಕಳಿಸಿದ್ದರು. ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಹತ್ತು ದಿನದ ಆನ್‌ಲೈನ್ ಕೋರ್ಸ್, ವಿಷಯ ಮಳೆ, ಬಿಸಿಲು, ಗಾಳಿಯ ಅಂಕಿಗಳನ್ನು ಓದುವುದು. ದಿನಕ್ಕೆ ಒಂದೂವರೆ ಗಂಟೆ ಪಾಠ, ಕೊನೆಯಲ್ಲಿ ಸರ್ಟಿಫಿಕೇಟ್. ಸೀಟು ನಲವತ್ತು ಮಾತ್ರ. ಅರ್ಜಿಯಲ್ಲಿ ಹೆಸರು, ಶಾಲೆ, ತರಗತಿ ಎಲ್ಲ ತುಂಬಿದ ಮೇಲೆ ಒಂದು ದೊಡ್ಡ ಖಾಲಿ ಚೌಕ ಇತ್ತು. "ಈ ಕೋರ್ಸಿಗೆ ಏಕೆ ಸೇರಬೇಕೆಂದಿದ್ದೀರಿ? 300 ಪದ ಮೀರದಂತೆ ಬರೆಯಿರಿ. ಕನ್ನಡ ಅಥವಾ ಇಂಗ್ಲಿಷ್."

"ಬರೆದಿದೀನಿ ಚಿಕ್ಕಪ್ಪ, ಒಂದ್ಸಲ ನೋಡಿ" ಅಂದಳು. ನೋಡಿದೆ. ಮೊದಲ ವಾಕ್ಯ ಹೀಗಿತ್ತು: "ಬಾಲ್ಯದಿಂದಲೂ ನನಗೆ ವಿಜ್ಞಾನ ಎಂದರೆ ಅಪಾರ ಆಸಕ್ತಿ." ಎರಡನೆಯದರಲ್ಲಿ ಅಬ್ದುಲ್ ಕಲಾಂ ಅವರು ಕನಸು ಕಾಣಿ ಎಂದು ಹೇಳಿದ ವಿಷಯ. ಆಮೇಲೆ ಇಂದಿನ ಯುಗ ತಂತ್ರಜ್ಞಾನದ ಯುಗ, ಹವಾಮಾನ ಬದಲಾವಣೆ ಜಗತ್ತಿನ ದೊಡ್ಡ ಸವಾಲು, ಈ ಕೋರ್ಸಿನಿಂದ ನನ್ನ ಜ್ಞಾನ ವೃದ್ಧಿಯಾಗುತ್ತದೆ, ದೇಶಕ್ಕೆ ಸೇವೆ ಸಲ್ಲಿಸುತ್ತೇನೆ, ದಯವಿಟ್ಟು ಅವಕಾಶ ಕೊಡಿ. ತಪ್ಪಿಲ್ಲದ ಕನ್ನಡ, ಮುದ್ದಾದ ಅಕ್ಷರ. ಆದರೆ ಓದಿ ಮುಗಿಸಿದಾಗ ಆ ಹುಡುಗಿಯ ಬಗ್ಗೆ ನನಗೆ ಹೊಸದಾಗಿ ಒಂದೂ ವಿಷಯ ತಿಳಿದಿರಲಿಲ್ಲ. ಅವಳನ್ನು ಹುಟ್ಟಿದಂದಿನಿಂದ ನೋಡಿದ ನನ್ನ ಪಾಡೇ ಇದಾದರೆ, ಅವಳ ಮುಖವನ್ನೇ ನೋಡದೆ ಓದುವವರಿಗೆ ಏನು ತಿಳಿದೀತು?

ಇಂಥ ಪತ್ರವನ್ನು ಮೋಟಿವೇಶನ್ ಲೆಟರ್ ಅನ್ನುತ್ತಾರೆ. ಕಾಲೇಜು ಮಟ್ಟದಲ್ಲಿ, ವಿದೇಶಕ್ಕೆ ಓದಲು ಹೋಗುವವರ ನಡುವೆ ಈ ಹೆಸರು ಹಳೆಯದು. ನಮ್ಮ ಹೈಸ್ಕೂಲು ಮಕ್ಕಳ ಕೈಗೆ ಬಂದಿರುವುದು ಈಚೆಗೆ. ಎಲ್ಲ ಕೋರ್ಸಿಗೂ ಇದು ಬೇಕಿಲ್ಲ. ಕೇಂದ್ರ ಸರ್ಕಾರದ ಸ್ವಯಂ ತಾಣದ ಪಾಠಗಳಿಗೆ ಯಾರು ಬೇಕಾದರೂ ಹೆಸರು ನೋಂದಾಯಿಸಿ ಕುಳಿತುಕೊಳ್ಳಬಹುದು, ಯಾರೂ ಏಕೆ ಎಂದು ಕೇಳುವುದಿಲ್ಲ. ಇಸ್ರೊ 2019ರಲ್ಲಿ ಒಂಬತ್ತನೇ ತರಗತಿಯವರಿಗಾಗಿ ಆರಂಭಿಸಿದ ಯುವಿಕಾ ಶಿಬಿರಕ್ಕೆ ಪೈಪೋಟಿ ಬಹಳ, ಆದರೆ ಅಲ್ಲಿ ಎಂಟನೇ ತರಗತಿಯ ಅಂಕ, ವಿಜ್ಞಾನ ಮೇಳ, ಗ್ರಾಮೀಣ ಶಾಲೆ ಇಂಥವುಗಳಿಗೆ ಅಂಕ ಕೊಟ್ಟು ಪಟ್ಟಿ ಮಾಡುತ್ತಾರೆ. ಪತ್ರ ಕೇಳುವುದು ಬಹುಮಟ್ಟಿಗೆ ಎರಡು ಸಂದರ್ಭದಲ್ಲಿ. ಪಾಠ ಹೇಳುವವರು ನೇರವಾಗಿ ಪರದೆಯ ಮೇಲೆ ಬಂದು, ಪ್ರತಿ ಮಗುವಿನ ಕೆಲಸ ನೋಡಿ ತಿದ್ದುವ ಸಣ್ಣ ಕೋರ್ಸುಗಳು ಒಂದು. ಶುಲ್ಕ ಇರುವ ಕಡೆ ಶುಲ್ಕ ಮನ್ನಾ ಕೇಳುವಾಗ ಇನ್ನೊಂದು.

ಇಂಥದೇ ಒಂದು ಸಣ್ಣ ಶಿಬಿರಕ್ಕೆ ಎರಡು ಬೇಸಿಗೆ ನಾನೂ ಪತ್ರ ಓದಿದ್ದೇನೆ. ಹಗಲು ನಮ್ಮ ನಮ್ಮ ಕೆಲಸ, ರಾತ್ರಿ ಊಟ ಆದ ಮೇಲೆ ಪತ್ರಗಳು. ಒಂದು ಪತ್ರಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಹತ್ತು ಪತ್ರ ಓದಿದರೆ ಅದರಲ್ಲಿ ಏಳೆಂಟು "ಬಾಲ್ಯದಿಂದಲೂ" ಎಂದೇ ಶುರುವಾಗುತ್ತಿದ್ದವು. ಬರೆದವರೆಲ್ಲ ಬೇರೆ ಬೇರೆ ಮಕ್ಕಳು, ಆದರೆ ಓದುವಾಗ ಒಬ್ಬರೇ ಬರೆದ ಹಾಗೆ. ಹೀಗಾದಾಗ ಓದುವವರಿಗೆ ಆಯ್ಕೆ ಮಾಡಲು ಪತ್ರದಲ್ಲಿ ಏನೂ ಸಿಗುವುದಿಲ್ಲ, ಮತ್ತೆ ಅಂಕಪಟ್ಟಿಯ ಕಡೆಗೇ ಕಣ್ಣು ಹೋಗುತ್ತದೆ. ಅಂಕ ಕಡಿಮೆ ಇದ್ದು ಕೆಲಸದಲ್ಲಿ ಚುರುಕಾಗಿರುವ ಮಗುವಿಗೆ ಇರುವ ಒಂದೇ ಬಾಗಿಲು ಈ ಪತ್ರ. ಆ ಬಾಗಿಲನ್ನು ಆ ಮಗುವೇ ಗೊತ್ತಿಲ್ಲದೆ ಮುಚ್ಚಿಕೊಂಡಿರುವುದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ.

ಓದುವವರು ಹುಡುಕುವುದು ದೊಡ್ಡ ವಿಷಯವನ್ನೇನಲ್ಲ. ಈ ಮಗು ಯಾರೂ ಹೇಳದೆ ಈ ವಿಷಯದಲ್ಲಿ ಏನಾದರೂ ಮಾಡಿದೆಯೇ? ಈ ಕೋರ್ಸಿನಲ್ಲಿ ಕಲಿಸುವುದರಲ್ಲಿ ಅದಕ್ಕೆ ಬೇಕಾದ್ದು ಏನಾದರೂ ಇದೆಯೇ? ಸೀಟು ಕೊಟ್ಟರೆ ಕೊನೆಯ ದಿನದವರೆಗೂ ಬರುತ್ತದೆಯೇ? ಮಕ್ಕಳಿಗೆ ಇಷ್ಟನ್ನು ಹೇಳಿದರೆ ಸಾಕು ಅಂದುಕೊಂಡಿದ್ದೆ. ಸಾಲದು ಎಂದು ಅವತ್ತು ಜಗಲಿಯಲ್ಲಿ ಗೊತ್ತಾಯಿತು.

"ಪುಟ್ಟಿ, ಮಳೆ ವಿಷಯದಲ್ಲಿ ನೀನೇನಾದ್ರೂ ಮಾಡಿದೀಯಾ?" ಎಂದು ಕೇಳಿದೆ.

"ಇಲ್ಲ ಚಿಕ್ಕಪ್ಪ. ಪ್ರೈಜ್ ಗೀಜ್ ಏನೂ ಬಂದಿಲ್ಲ."

ಅವಳ ಅಮ್ಮ ಒಳಗಿನಿಂದಲೇ ಕೂಗಿದರು: "ಅದೇನೋ ಬಾಟ್ಲಿ ಇಟ್ಕೊಂಡು ದಿನಾ ಬರ್ಕೊಳ್ತಿದ್ಯಲ್ಲೇ, ಅದ್ನ ಹೇಳು."

ಹುಡುಗಿಗೆ ನಾಚಿಕೆ. ಅದು ಹೇಳುವಂಥದ್ದಲ್ಲ ಅನ್ನುವುದು ಅವಳ ಭಾವನೆ. ಒತ್ತಾಯ ಮಾಡಿದ ಮೇಲೆ ಒಳಗೆ ಹೋಗಿ ಹಳೆಯ ಗಣಿತದ ನೋಟ್‌ಬುಕ್ ತಂದಳು. ಹಿಂದಿನ ಹಾಳೆಗಳಲ್ಲಿ ಮೂರು ಕಾಲಂ ಗೆರೆ ಎಳೆದಿದ್ದಳು: ತಾರೀಕು, ನಮ್ಮ ಹೊಲ, ಪಂಚಾಯಿತಿ. ಎರಡು ಲೀಟರ್ ತಂಪು ಪಾನೀಯದ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆಯಂತೆ ಕೂರಿಸಿ, ಹೊರಗೆ ಅಳತೆಪಟ್ಟಿ ಅಂಟಿಸಿದ ಮಳೆಮಾಪಕ ಅದು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಳತೆ ಸರಿಬರುವುದಿಲ್ಲ ಎಂದು ಕಲ್ಲುಹರಳು ಹಾಕಿ, ಪಟ್ಟಿಯ ಸೊನ್ನೆಯವರೆಗೆ ನೀರು ತುಂಬಿ, ಅದರ ಮೇಲೆ ಬಿದ್ದದ್ದನ್ನು ಮಾತ್ರ ಮಳೆ ಎಂದು ಲೆಕ್ಕ ಹಿಡಿದಿದ್ದಳು. ಬಿಸಿಲಿಗೆ ಆ ನೀರು ಆರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಅದಕ್ಕೆ ದಿನವೂ ತುಂಬಬೇಕು ಅನ್ನುವುದು ಅವಳಿಗೆ ಎರಡನೇ ವಾರ ಗೊತ್ತಾಯಿತಂತೆ.

ಮೊದಲು ಬಾಟಲಿಯನ್ನು ಸೂರಿನ ಕೆಳಗೆ ಇಟ್ಟಿದ್ದಳು. ಹೆಂಚಿನಿಂದ ಸುರಿಯುವ ನೀರೂ ಅದರೊಳಗೆ ಬಿದ್ದು 20 ಮಿಲಿಮೀಟರ್ ಮಳೆ 70 ಆಗಿ ಕಂಡಿತ್ತು. ಮೂರು ವಾರ ಆದ ಮೇಲೆ ತಪ್ಪು ತಿಳಿದು ಹೊಲದ ಬದುವಿನ ಬಯಲಿಗೆ ಒಯ್ದಳು. ಪಂಚಾಯಿತಿಯ ಅಂಕಿ ಅಪ್ಪನಿಂದ ಬರುತ್ತಿತ್ತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಅದರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ರೈತರು ಕೇಳಿ ತಿಳಿದುಕೊಳ್ಳುತ್ತಾರೆ. ಅಣ್ಣ ಕಡಲೆಕಾಯಿ ಬಿತ್ತನೆಗಾಗಿ ಕೇಳಿದ್ದನ್ನೆಲ್ಲ ಮಗಳು ಬರೆದಿಟ್ಟುಕೊಂಡಿದ್ದಳು.

"ಪಂಚಾಯ್ತೀಲಿ 31 ಅಂತಾರೆ, ನಮ್ಮ ಹೊಲ್ದಲ್ಲಿ 12. ನಾಲ್ಕೇ ಕಿಲೋಮೀಟರ್ ದೂರ. ಯಾಕೆ ಅಂತ ಗೊತ್ತಾಗ್ತಿಲ್ಲ ಚಿಕ್ಕಪ್ಪ" ಅಂದಳು.

"ಇದನ್ನೇ ಬರಿ" ಅಂದೆ.

ನನಗೆ ತಿಳಿದಂತೆ ಶಾಲಾ ವಿದ್ಯಾರ್ಥಿಯ ಪತ್ರದ ಜೀವ ಇರುವುದು ಇಂಥ ಒಂದು ಪ್ರಶ್ನೆಯಲ್ಲಿ. ಮಗುವಿಗೆ ನಿಜವಾಗಿ ಕಾಡಿದ, ಅದರ ಕೈಯಲ್ಲೇ ಹುಟ್ಟಿದ, ಉತ್ತರ ಇನ್ನೂ ಸಿಗದ ಪ್ರಶ್ನೆ. ಬಹುಮಾನ, ಪದಕ, ಅಂಕ ಇವೆಲ್ಲ ಅರ್ಜಿಯ ಬೇರೆ ಚೌಕಗಳಲ್ಲಿ ಹೇಗೂ ಇರುತ್ತವೆ. ಅವನ್ನೇ ಪತ್ರದಲ್ಲಿ ಮತ್ತೆ ಹೇಳಿದರೆ ಸಿಕ್ಕಿರುವ 300 ಪದ ವ್ಯರ್ಥ.

ಆಮೇಲೆ ಎರಡು ದಿನ ಕೂತು ಬರೆದಳು. ನಾನು ಪೆನ್ನು ಮುಟ್ಟಲಿಲ್ಲ, ಪ್ರಶ್ನೆ ಮಾತ್ರ ಕೇಳಿದೆ. ಎಷ್ಟು ದಿನ ಅಳೆದೆ? ಜೂನ್ 10ರಿಂದ ಸೆಪ್ಟೆಂಬರ್ 30ರವರೆಗೆ. ಅಂದರೆ 113 ದಿನ. ಸೂರಿನ ಕೆಳಗಿದ್ದ ಮೊದಲ 21 ದಿನ ಬಿಟ್ಟರೆ? 92. ಒಂದು ದಿನವೂ ತಪ್ಪಿಸಿಲ್ಲವಾ? ಜ್ವರ ಬಂದಾಗ, ಅಜ್ಜಿ ಊರಿಗೆ ಹೋದಾಗ, ಒಟ್ಟು ಒಂಬತ್ತು ದಿನ ಬರೆದಿಲ್ಲ. "ಅದನ್ನ ಬರೀಬಾರ್ದು ಅಲ್ವಾ?" ಎಂದು ಕೇಳಿದಳು. ಬರೆಯಲೇಬೇಕು ಅಂದೆ. ಅಳತೆಯ ಕೆಲಸ ಮಾಡಿದವರಿಗೆಲ್ಲ ಗೊತ್ತು, ಒಂದು ದಿನವೂ ತಪ್ಪದ ಪುಸ್ತಕ ಕಂಡರೆ ಮನೆಯಲ್ಲಿ ಕೂತು ತುಂಬಿದ್ದು ಎಂಬ ಅನುಮಾನ ಬರುತ್ತದೆ. ತಪ್ಪಿದ್ದನ್ನು ತಾನೇ ಹೇಳುವ ಮಗುವಿನ ಉಳಿದ ಅಂಕಿಗಳ ಮೇಲೆ ನಂಬಿಕೆ ಬರುತ್ತದೆ.

ಎಷ್ಟು ಗಂಟೆಗೆ ಅಳೆಯುತ್ತಿದ್ದೆ ಎಂದು ಕೇಳಿದಾಗ ಅವಳಿಗೇ ಒಂದು ಹೊಸ ವಿಷಯ ಹೊಳೆಯಿತು. ಎಂಟು ಗಂಟೆಗೆ ಬಸ್ಸು, ಹಾಗಾಗಿ ಏಳೂವರೆಗೆ ಅಳೆಯುತ್ತಿದ್ದಳು. ನಮ್ಮ ದೇಶದಲ್ಲಿ ಮಳೆಯ ದಿನದ ಲೆಕ್ಕ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ. ನಡುವಿನ ಆ ಒಂದು ಗಂಟೆಯಲ್ಲಿ ಬಿದ್ದ ಮಳೆ ಪಂಚಾಯಿತಿಯ ಲೆಕ್ಕದಲ್ಲಿ ಒಂದು ದಿನಕ್ಕೆ, ಇವಳ ಲೆಕ್ಕದಲ್ಲಿ ಮರುದಿನಕ್ಕೆ ಸೇರುತ್ತದೆ. ಪುಸ್ತಕ ತಿರುವಿ ನೋಡಿದಳು. ಎರಡು ದಿನದ ವ್ಯತ್ಯಾಸ ಇದರಿಂದಲೇ ಆಗಿತ್ತು. ಉಳಿದ ದಿನಗಳದ್ದು ಹಾಗೆಯೇ ಉಳಿಯಿತು. ಕೊನೆಗೆ ಅವಳು ಕಳಿಸಿದ ಪತ್ರದ ಮುಖ್ಯ ಭಾಗವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ.

"ನಮ್ಮ ಹೊಲಕ್ಕೂ ಪಂಚಾಯಿತಿ ಕಚೇರಿಗೂ 4 ಕಿ.ಮೀ. ದೂರ. ಹೋದ ಮಳೆಗಾಲದಲ್ಲಿ ಒಂದು ದಿನ ಅಲ್ಲಿ 31 ಮಿ.ಮೀ. ಮಳೆಯಾಗಿತ್ತು, ನಮ್ಮಲ್ಲಿ 12. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹಾಗೆ ಲೆಕ್ಕ ಹಾಕಿದರೆ ಅವತ್ತು ನಮ್ಮ ಒಂದು ಎಕರೆಗೆ ಸುಮಾರು 77 ಸಾವಿರ ಲೀಟರ್ ಕಡಿಮೆ ಬಿದ್ದಿದೆ. ಅಪ್ಪ ಪಂಚಾಯಿತಿಯ ಅಂಕಿ ಕೇಳಿ ಕಡಲೆಕಾಯಿ ಬಿತ್ತುತ್ತಾರೆ. ಅದು ನಮ್ಮ ಹೊಲಕ್ಕೆ ಎಷ್ಟು ಸರಿ ಎಂದು ನೋಡಲು ನಾನು ಬಾಟಲಿಯಲ್ಲಿ ಮಳೆಮಾಪಕ ಮಾಡಿ ಅಳೆದೆ.

ಮೊದಲ 21 ದಿನ ಸೂರಿನ ಕೆಳಗೆ ಇಟ್ಟಿದ್ದರಿಂದ ಆ ಅಂಕಿ ತಪ್ಪು, ಬಿಟ್ಟಿದ್ದೇನೆ. ಆಮೇಲಿನ 92 ದಿನದಲ್ಲಿ 9 ದಿನ ಅಳೆದಿಲ್ಲ. ಉಳಿದ 83 ದಿನದಲ್ಲಿ 24 ದಿನ ಮಳೆ ಬಂದಿದೆ. ಅದರಲ್ಲಿ 11 ದಿನ ಎರಡೂ ಕಡೆಯ ಅಂಕಿಯಲ್ಲಿ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದೆ. ನಾನು ಏಳೂವರೆಗೆ ಅಳೆಯುತ್ತೇನೆ, ಅವರದು ಎಂಟೂವರೆಯ ಲೆಕ್ಕ. 2 ದಿನದ ವ್ಯತ್ಯಾಸಕ್ಕೆ ಅದು ಕಾರಣ. ಉಳಿದ 9 ದಿನಕ್ಕೆ ಕಾರಣ ಗೊತ್ತಿಲ್ಲ. ನನ್ನ ಬಾಟಲಿ ತಪ್ಪೋ, ಮಳೆಯೇ ಹಾಗೆ ಬಿದ್ದಿತೋ ತಿಳಿಯುವುದು ಹೇಗೆ ಎಂದು ನನಗೆ ಬರುವುದಿಲ್ಲ.

ನಿಮ್ಮ ಪಾಠಗಳ ಪಟ್ಟಿಯಲ್ಲಿ ನಾಲ್ಕನೇ ದಿನ 'ಎರಡು ಅಳತೆಗಳನ್ನು ಹೋಲಿಸುವುದು' ಎಂದಿದೆ. ನನಗೆ ಬೇಕಾಗಿರುವುದು ಅದು. ಗ್ರಾಫ್ ಕೈಯಲ್ಲಿ ಬರೆಯಲು ಬರುತ್ತದೆ, ಕಂಪ್ಯೂಟರಿನಲ್ಲಿ ಬರುವುದಿಲ್ಲ.

ಅಪ್ಪನ ಮೊಬೈಲ್ ಸಂಜೆ 6 ಗಂಟೆಯ ನಂತರ ನನಗೆ ಸಿಗುತ್ತದೆ. ಮನೆಯೊಳಗೆ ನೆಟ್‌ವರ್ಕ್ ಕಡಿಮೆ, ಮಾಳಿಗೆಯ ಮೇಲೆ ಚೆನ್ನಾಗಿ ಬರುತ್ತದೆ. ಪಾಠ 6.30ಕ್ಕೆ ಇರುವುದರಿಂದ ಹತ್ತೂ ದಿನ ಬರಬಲ್ಲೆ. ಮೇ ತಿಂಗಳ ಮೊದಲ ವಾರ ನಮ್ಮೂರ ಜಾತ್ರೆ, ಒಂದು ದಿನ ತಡವಾಗಬಹುದು."

ಪತ್ರದಲ್ಲಿ ವಿಜ್ಞಾನದ ಮೇಲಿನ ಪ್ರೀತಿಯ ಬಗ್ಗೆ ಒಂದು ಮಾತೂ ಇಲ್ಲ. ಆದರೂ ಓದಿದವರಿಗೆ ಅದರಲ್ಲಿ ಸಂದೇಹ ಉಳಿಯುವುದಿಲ್ಲ. "ನನಗೆ ಬರುವುದಿಲ್ಲ" ಎಂದು ಎರಡು ಕಡೆ ಇದೆ. ದೊಡ್ಡವರು ಮೊದಲು ಹೊಡೆದುಹಾಕುವುದು ಇಂಥ ಮಾತನ್ನೇ, ಅದು ದೌರ್ಬಲ್ಯ ಎಂದುಕೊಂಡು. ಎಲ್ಲ ಬರುವ ಮಗುವಿಗೆ ಕೋರ್ಸ್ ಏಕೆ ಬೇಕು? ಏನು ಬರುತ್ತದೆ, ಎಲ್ಲಿಗೆ ನಿಂತಿದೆ ಎಂದು ಗೆರೆ ಎಳೆದು ತೋರಿಸಿದರೆ ಕಲಿಸುವವರಿಗೆ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯುತ್ತದೆ. ನಾಲ್ಕನೇ ದಿನದ ಪಾಠದ ಮಾತೂ ಹಾಗೆಯೇ. ಪ್ರಕಟಣೆಯನ್ನು ಕೊನೆಯವರೆಗೆ ಓದಿದ ಮಗು ಮಾತ್ರ ಅದನ್ನು ಬರೆಯಬಲ್ಲದು. ಒಂದೇ ಪತ್ರವನ್ನು ನಾಲ್ಕು ಕಡೆ ಕಳಿಸುವವರು ಬರೆಯಲಾರರು. ಹಾಗೆ ಕಳಿಸುವಾಗ ಕೋರ್ಸಿನ ಹೆಸರು ಬದಲಿಸುವುದನ್ನೇ ಮರೆತು, ಸಸ್ಯಶಾಸ್ತ್ರದ ಶಿಬಿರಕ್ಕೆ ರೊಬೊಟಿಕ್ಸ್ ಕಲಿಯುವ ಆಸೆ ಬರೆದು ಕಳಿಸಿದ ಪತ್ರಗಳನ್ನು ನಾನೇ ಓದಿದ್ದೇನೆ.

ಮೊಬೈಲ್, ಮಾಳಿಗೆ, ಜಾತ್ರೆಯ ವಿಷಯ ಪತ್ರದಲ್ಲಿ ಏಕೆ ಎಂದು ಅಣ್ಣನಿಗೂ ಅನಿಸಿತ್ತು. ಆನ್‌ಲೈನ್ ಕೋರ್ಸ್ ನಡೆಸುವವರ ದೊಡ್ಡ ಕಷ್ಟ ಅದೇ. ಮೊದಲ ದಿನ ಎಲ್ಲರೂ ಬರುತ್ತಾರೆ, ಮೂರನೇ ದಿನದಿಂದ ಪರದೆಯ ಚೌಕಗಳು ಒಂದೊಂದೇ ಕಡಿಮೆಯಾಗುತ್ತವೆ. ಬಿಟ್ಟುಹೋದವರ ಜಾಗದಲ್ಲಿ ನಡುವೆ ಇನ್ನೊಬ್ಬರನ್ನು ಕೂರಿಸಲು ಆಗುವುದಿಲ್ಲ. ಹಾಗಾಗಿ ಯಾರ ಮೊಬೈಲ್, ಎಷ್ಟು ಹೊತ್ತಿಗೆ ಸಿಗುತ್ತದೆ, ಕರೆಂಟು ಹೋದರೆ ಏನು ಮಾಡುತ್ತೀರಿ ಎಂಬುದನ್ನು ಯೋಚಿಸಿದ ಮಗುವಿನ ಪತ್ರ ಓದುವವರಿಗೆ ದೊಡ್ಡ ಸಮಾಧಾನ. ತಡವಾಗಬಹುದು ಎಂದು ಮೊದಲೇ ಹೇಳಿದ್ದಕ್ಕೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ.

ಶುಲ್ಕ ಮನ್ನಾ ಕೇಳುವ ಪತ್ರದ ವಿಷಯ ಸ್ವಲ್ಪ ಬೇರೆ. ಕೋರ್ಸೆರಾದಂಥ ತಾಣಗಳು ನೆರವು ಕೇಳುವವರಿಗೆ ಹಣದ ಪ್ರಶ್ನೆಯನ್ನೂ ಕಲಿಕೆಯ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳುತ್ತಾ ಬಂದಿವೆ. ಒಂದೇ ಚೌಕ ಇರುವ ಕಡೆಯೂ ಇವೆರಡನ್ನು ಬೇರೆ ಇಟ್ಟರೆ ಒಳ್ಳೆಯದು. ಮನೆಯ ಕಷ್ಟವನ್ನು ಪತ್ರದ ಉದ್ದಕ್ಕೂ ಹೇಳಿದರೆ ಓದುವವರಿಗೆ ಮರುಕ ಬರುತ್ತದೆ, ಮಗು ಏನು ಕಲಿಯಬೇಕೆಂದಿದೆ ಎಂದು ತಿಳಿಯುವುದಿಲ್ಲ. ಮನೆಯ ಆದಾಯದ ಮೂಲ ಏನು, ಎಷ್ಟು ಜನ ಓದುತ್ತಿದ್ದಾರೆ, ಶುಲ್ಕದಲ್ಲಿ ಎಷ್ಟು ಕಟ್ಟಬಲ್ಲೆವು ಅಥವಾ ಏನೂ ಕಟ್ಟಲಾಗದು, ಇಷ್ಟನ್ನು ಎರಡು ಮೂರು ವಾಕ್ಯದಲ್ಲಿ ತಲೆಯೆತ್ತಿ ಹೇಳಿ ಮುಗಿಸಬೇಕು. "ಬಡ ಕುಟುಂಬ" ಎಂಬ ಮಾತಿಗಿಂತ "ಎರಡು ಎಕರೆ ಮಳೆಯಾಶ್ರಿತ ಹೊಲ, ಅಣ್ಣ ಐಟಿಐ ಓದುತ್ತಿದ್ದಾನೆ" ಎಂಬುದು ಹೆಚ್ಚು ಹೇಳುತ್ತದೆ.

ಇಂಗ್ಲಿಷಿನಲ್ಲೇ ಬರೆಯಬೇಕೆಂದಿದ್ದರೆ ಏನು ಮಾಡುವುದು ಎಂದು ಕನ್ನಡ ಮಾಧ್ಯಮದ ಮಕ್ಕಳು ಹೆದರುತ್ತಾರೆ. ಮೊದಲು ಕನ್ನಡದಲ್ಲಿ ಪೂರ್ತಿ ಬರೆದು ಮುಗಿಸಿ, ಆಮೇಲೆ ಗೊತ್ತಿರುವ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತಂದು, ಇಂಗ್ಲಿಷ್ ಮೇಷ್ಟ್ರಿಂದ ವ್ಯಾಕರಣ ಮಾತ್ರ ನೋಡಿಸಿಕೊಳ್ಳುವುದು ಒಳ್ಳೆಯ ದಾರಿ. ಒಂಬತ್ತನೇ ತರಗತಿಯ ಮಗುವಿನ ಹೆಸರಿನಲ್ಲಿ ವಕೀಲರ ನೋಟಿಸಿನಂಥ ಇಂಗ್ಲಿಷ್ ಬಂದರೆ ಓದುವವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಕೆಲವು ಕಡೆ ಪತ್ರ ನೋಡಿದ ಮೇಲೆ ಐದು ನಿಮಿಷ ಫೋನಿನಲ್ಲಿ ಮಾತಾಡಿಸುತ್ತಾರೆ. ಬೇರೆಯವರು ಬರೆದುಕೊಟ್ಟ ಪತ್ರ ನಿಲ್ಲದೆ ಬೀಳುವುದು ಅಲ್ಲಿ. "ಸೂರಿನ ಕೆಳಗೆ ಇಟ್ಟಾಗ ಎಷ್ಟು ತೋರಿಸ್ತು?" ಎಂಬ ಪ್ರಶ್ನೆಗೆ ಬಾಟಲಿ ಇಟ್ಟವಳು ಮಾತ್ರ ಉತ್ತರ ಹೇಳಬಲ್ಲಳು.

ನಮ್ಮ ಹುಡುಗಿಗೆ ಮೊದಲ ಪಟ್ಟಿಯಲ್ಲಿ ಸೀಟು ಬರಲಿಲ್ಲ. ಕಾಯುವ ಪಟ್ಟಿಯಲ್ಲಿ ಹೆಸರಿತ್ತು, ಕೋರ್ಸ್ ಶುರುವಾಗುವ ಮೂರು ದಿನ ಮುಂಚೆ ಕರೆ ಬಂತು. ಹತ್ತು ದಿನವೂ ಮಾಳಿಗೆಯ ಮೇಲೆ ಕೂತು ಪಾಠ ಕೇಳಿದಳು. ಗುಡುಗು ಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲ ಇರಬಹುದು, ಹಾಗಾಗಿ ನಾಲ್ಕು ಕಿಲೋಮೀಟರಿಗೆ ಮಳೆ ಬದಲಾಗುವುದರಲ್ಲಿ ಆಶ್ಚರ್ಯವಿಲ್ಲ ಎಂದು ಅಲ್ಲಿ ತಿಳಿಯಿತು. ಆದರೆ ಅವಳ ಒಂಬತ್ತು ದಿನಕ್ಕೆ ಅದೇ ಕಾರಣ ಎಂದು ಒಂದೇ ಬಾಟಲಿಯಿಂದ ಹೇಳಲಾಗದು. ಒಂದೇ ಹೊಲದಲ್ಲಿ ಅಕ್ಕಪಕ್ಕ ಎರಡು ಬಾಟಲಿ ಇಟ್ಟು, ಅವೆರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ಮೊದಲು ನೋಡು ಎಂದರಂತೆ. ಮಳೆಗಾಲಕ್ಕೆ ಎರಡನೇ ಬಾಟಲಿ ಬದುವಿನ ಮೇಲೆ ಬಂತು.

ಪತ್ರ ನೋಡಿ ಕೊಡಿ ಎಂದು ಮಕ್ಕಳು ಬಂದಾಗ ತಂದೆತಾಯಿಯರಲ್ಲಿ, ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಕಾಗುಣಿತ ತಿದ್ದಿ, ತಾರೀಕು ಸರಿ ಇದೆಯೇ ನೋಡಿ, ಪದ 300 ದಾಟಿದ್ದರೆ ಹೇಳಿ. ಸೂರಿನ ಕೆಳಗಿಟ್ಟ ಬಾಟಲಿಯನ್ನೂ ತಪ್ಪಿದ ಒಂಬತ್ತು ದಿನವನ್ನೂ ದಯವಿಟ್ಟು ಹೊಡೆದುಹಾಕಬೇಡಿ.